ಓವನ್ ರೆಸಿಪಿ ಏರ್ ಫ್ರೈಯರ್‌ಗೆ: ಮೊದಲು ಬುಟ್ಟಿ ಅಳೆಯಿರಿ, ಆಮೇಲೆ ಬಿಸಿ ಇಳಿಸಿ

ಚಿಕ್ಕಬಳ್ಳಾಪುರದ ಸಂತೆಯಿಂದ ಒಂದು ಕೆಜಿ ಆಲೂಗಡ್ಡೆ ತಂದಾಗಿದೆ. ರೆಸಿಪಿ ಓವನ್ನಿನದು: ಉದ್ದುದ್ದ ಹೋಳು ಮಾಡಿ, ಮೂರು ದೊಡ್ಡ ಚಮಚ ಎಣ್ಣೆ ಸವರಿ, 220 ಡಿಗ್ರಿಯಲ್ಲಿ 30 ನಿಮಿಷ. ಏರ್ ಫ್ರೈಯರ್‌ಗೆ 20 ಡಿಗ್ರಿ ಕಡಿಮೆ ಮಾಡಬೇಕು, ಹೊತ್ತನ್ನೂ ಇಳಿಸಬೇಕು ಎಂದು ಗೊತ್ತಿದ್ದವರು 200 ಡಿಗ್ರಿ, 24 ನಿಮಿಷ ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಬುಟ್ಟಿಗೆ ಸುರಿದಿದ್ದು ಪೂರ್ತಿ ಒಂದು ಕೆಜಿ. ತೆಗೆದು ನೋಡಿದರೆ ಮೇಲಿನ ಹೋಳುಗಳ ಅಂಚು ಕಪ್ಪಗಾಗಿದೆ, ನಡುವಿನವು ಬೇಯಿಸಿದ ಗೆಡ್ಡೆಯಂತೆ ಮೆತ್ತಗಿವೆ, ತಳದವು ಒಂದಕ್ಕೊಂದು ಅಂಟಿಕೊಂಡಿವೆ. ಆಗ ಬಿಸಿ ಸಾಲಲಿಲ್ಲ ಎಂದುಕೊಂಡು ಇನ್ನೂ ಹತ್ತು ನಿಮಿಷ ಇಟ್ಟರೆ ಕಪ್ಪಗಾದದ್ದು ಇದ್ದಿಲಾಗುತ್ತದೆ, ಮೆತ್ತಗಿದ್ದದ್ದು ಹಾಗೇ ಇರುತ್ತದೆ.

ಇಲ್ಲಿ ತಪ್ಪಿದ್ದು ಡಿಗ್ರಿಯೂ ಅಲ್ಲ, ನಿಮಿಷವೂ ಅಲ್ಲ. ಓವನ್ ರೆಸಿಪಿಯಲ್ಲಿ ಬರೆಯದೆ ಬಿಟ್ಟ ಮೂರನೆಯ ಅಳತೆಯೊಂದಿದೆ: ತಟ್ಟೆಯ ಅಗಲ. ಅದನ್ನು ಮೊದಲು ಸರಿಮಾಡಿಕೊಳ್ಳದೆ ಉಳಿದೆರಡನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಬುಟ್ಟಿಯ ಲೆಕ್ಕ

ಓವನ್ನಿನ ಸಾಮಾನ್ಯ ತಟ್ಟೆ ಸುಮಾರು 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಅಂದರೆ 1200 ಚದರ ಸೆಂ.ಮೀ. ಜಾಗ. ರೆಸಿಪಿ ಬರೆದವರು ಒಂದು ಕೆಜಿ ಹೋಳನ್ನು ಆ ಜಾಗದಲ್ಲಿ ಒಂದೇ ಪದರವಾಗಿ ಹರಡಿರುತ್ತಾರೆ. ಈಗ ನಿಮ್ಮ ಬುಟ್ಟಿಯ ತಳವನ್ನು ಸ್ಕೇಲಿನಿಂದ ಅಳೆಯಿರಿ. ಚೌಕದ್ದಾಗಿ 22 ಸೆಂ.ಮೀ. ಇದ್ದರೆ 22 ಗುಣಿಸು 22, ಅಂದರೆ 484. ದುಂಡಗಿದ್ದು 20 ಸೆಂ.ಮೀ. ವ್ಯಾಸವಿದ್ದರೆ 314. ಮೊದಲನೆಯದು ಓವನ್ ತಟ್ಟೆಯ ಶೇ. 40ರಷ್ಟು, ಎರಡನೆಯದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಹಾಗಾಗಿ ಚೌಕದ ಬುಟ್ಟಿಗೆ ಒಂದು ಸಲಕ್ಕೆ 400 ಗ್ರಾಂ, ದುಂಡಗಿನದಕ್ಕೆ 250 ಗ್ರಾಂ. ಈ ಅಳತೆ ಒಮ್ಮೆ ಮಾಡಿದರೆ ಸಾಕು. ಅಡುಗೆಮನೆ ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಯಾವ ರೆಸಿಪಿಗಾದರೂ ಬರುತ್ತದೆ.

ಡಬ್ಬದ ಮೇಲೆ ನಾಲ್ಕು ಲೀಟರ್, ಐದು ಲೀಟರ್ ಎಂದು ಬರೆದಿರುವುದನ್ನು ನೆಚ್ಚಬೇಡಿ. ಅದು ಬುಟ್ಟಿಯ ಆಳವನ್ನೂ ಸೇರಿಸಿದ ಲೆಕ್ಕ. ಗರಿಗರಿ ಆಗಬೇಕಾದ ಪದಾರ್ಥಕ್ಕೆ ಆಳದಿಂದ ಉಪಯೋಗವಿಲ್ಲ, ತಳದ ಅಗಲ ಮಾತ್ರ ಮುಖ್ಯ.

ಯಾಕೆ ಅಷ್ಟು ಕಟ್ಟುನಿಟ್ಟು ಎಂದರೆ, ಆಲೂಗಡ್ಡೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರು. ಹೋಳಿನ ಮೈ ಒದ್ದೆಯಾಗಿರುವವರೆಗೆ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೆಂಪಗಾಗಲು 140 ಡಿಗ್ರಿಯ ಆಚೆ ಹೋಗಬೇಕು. ನಡುವೆ ಸಂದಿ ಇದ್ದರೆ ಫ್ಯಾನಿನ ಗಾಳಿ ಆವಿಯನ್ನು ಕೊಂಡೊಯ್ಯುತ್ತದೆ, ಮೈ ಒಣಗುತ್ತದೆ, ಆಮೇಲೆ ಬಣ್ಣ ಬರುತ್ತದೆ. ರಾಶಿ ಹಾಕಿದರೆ ಆವಿ ಅಲ್ಲೇ ಸುತ್ತುತ್ತದೆ. ಆಗ ಅದು ಇಡ್ಲಿ ಪಾತ್ರೆಯೊಳಗಿನ ಕೆಲಸ, ಹುರಿಯುವ ಕೆಲಸವಲ್ಲ.

ಬಿಸಿ ಎಷ್ಟು ಇಳಿಸಬೇಕು

ಸಾಮಾನ್ಯ ಓವನ್ ಅಥವಾ ಫ್ಯಾನ್ ಹಾಕದ ಓಟಿಜಿಯ ರೆಸಿಪಿಯಾದರೆ 20 ಡಿಗ್ರಿ ಸೆಲ್ಸಿಯಸ್ ಕಳೆಯಿರಿ. ಏರ್ ಫ್ರೈಯರ್‌ನಲ್ಲಿ ಕಾಯಿಲ್ ಪದಾರ್ಥದ ತಲೆಯ ಮೇಲೆಯೇ ಇರುತ್ತದೆ, ಗಾಳಿ ಜೋರಾಗಿ ಬೀಸುತ್ತದೆ. ಅದೇ ಬಿಸಿ ಇಟ್ಟರೆ ಒಳಗೆ ಬೇಯುವ ಮೊದಲೇ ಮೇಲೆ ಸೀಯುತ್ತದೆ. ರೆಸಿಪಿಯಲ್ಲಿ ಫ್ಯಾನ್ ಅಥವಾ ಕನ್ವೆಕ್ಷನ್ ಎಂದು ಸ್ಪಷ್ಟವಾಗಿ ಹೇಳಿದ್ದರೆ ಈ 20 ಡಿಗ್ರಿಯನ್ನು ಬರೆದವರೇ ಕಳೆದಿದ್ದಾರೆ ಎಂದರ್ಥ. ಮತ್ತೆ ಕಳೆಯಬೇಡಿ, ಹೊತ್ತನ್ನು ಮಾತ್ರ ಸ್ವಲ್ಪ ಇಳಿಸಿ.

ಅಮೆರಿಕದ ರೆಸಿಪಿಗಳಲ್ಲಿ ಫ್ಯಾರನ್‌ಹೀಟ್ ಇರುತ್ತದೆ. ಅದಕ್ಕೆ ಸುಲಭವಾದ ಒಂದು ಕೈಲೆಕ್ಕವಿದೆ: 30 ಕಳೆದು ಅರ್ಧ ಮಾಡಿ. ಬರುವ ಅಂಕಿ ನೇರವಾಗಿ ಏರ್ ಫ್ರೈಯರ್‌ಗೆ ಇಡಬೇಕಾದ ಸೆಲ್ಸಿಯಸ್. ಓವನ್ 350 ಎಂದಿದ್ದರೆ 320ರ ಅರ್ಧ, 160. ಓವನ್ 400 ಎಂದಿದ್ದರೆ 370ರ ಅರ್ಧ, 185. ಸರಿಯಾದ ಪರಿವರ್ತನೆ ಮಾಡಿ ಆಮೇಲೆ 20 ಕಳೆದರೂ ಹೆಚ್ಚೆಂದರೆ ಐದು ಡಿಗ್ರಿ ಆಚೀಚೆ ಇದೇ ಬರುತ್ತದೆ. 325ರಿಂದ 450ರವರೆಗಿನ ಅಂಕಿಗಳಿಗೆ ಧೈರ್ಯವಾಗಿ ಬಳಸಬಹುದು. ಉತ್ತರ 200 ದಾಟಿದರೆ 200ಕ್ಕೇ ನಿಲ್ಲಿಸಿ, ಹೆಚ್ಚಿನ ಯಂತ್ರಗಳ ಮಿತಿ ಅಷ್ಟೇ.

ಬಿಸಿ ಇಳಿಸಬಾರದ ಸಂದರ್ಭವೂ ಒಂದಿದೆ. ಬೆಂಡೆಕಾಯಿ, ಹೂಕೋಸು, ಬದನೆಕಾಯಿಯಂಥ ತೆಳ್ಳಗೆ ಹೆಚ್ಚಿದ ತರಕಾರಿಗೆ ಒಳಗೆ ಬೇಯದೆ ಉಳಿಯುವ ಭಯವಿಲ್ಲ. ಅವುಗಳ ಕಷ್ಟ ನೀರು. ಓವನ್ನಿಗೆ 200 ಎಂದಿದ್ದರೆ ಇಲ್ಲಿಯೂ 200ರಲ್ಲೇ ಇಟ್ಟು, ಹೊತ್ತನ್ನು ಮಾತ್ರ ಇಳಿಸುವುದು ಒಳ್ಳೆಯದು. ಬಿಸಿ ಇಳಿಸಿದರೆ ಒಣಗುವ ಮೊದಲೇ ಬಾಡಿ ಮೆತ್ತಗಾಗುತ್ತವೆ.

ಹೊತ್ತು ಎಷ್ಟು ಇಳಿಸಬೇಕು

ಐದರಲ್ಲಿ ಒಂದು ಪಾಲು ಕಳೆಯಿರಿ. 30 ನಿಮಿಷವಿದ್ದರೆ 24, 40 ಇದ್ದರೆ 32. ಆದರೆ ಇದನ್ನು ಕೊನೆಯ ಗಡಿ ಎಂದು ತಿಳಿಯಿರಿ, ಗುರಿ ಎಂದಲ್ಲ. ಮೊದಲ ಸಲ ಮಾಡುವಾಗ ಓವನ್ ಹೊತ್ತಿನ ಅರ್ಧ ಕಳೆಯುತ್ತಿದ್ದಂತೆ ಒಮ್ಮೆ ತೆರೆದು ನೋಡಿ, ಆಮೇಲೆ ಮೂರು ನಾಲ್ಕು ನಿಮಿಷಕ್ಕೊಮ್ಮೆ. ಏರ್ ಫ್ರೈಯರ್‌ನಲ್ಲಿ ಹೊಂಬಣ್ಣದಿಂದ ಕಪ್ಪಿಗೆ ಹೋಗಲು ಎರಡೇ ನಿಮಿಷ ಸಾಕು. ಬುಟ್ಟಿ ಎಳೆದು ನೋಡಿ ಮುಚ್ಚುವುದರಲ್ಲಿ ನಷ್ಟ ಹೆಚ್ಚಿಲ್ಲ, ಚಿಕ್ಕ ಗೂಡಾದ್ದರಿಂದ ಬೇಗ ಮತ್ತೆ ಕಾಯುತ್ತದೆ. ಆದರೂ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಹೊರಗೆ ಇಡಬೇಡಿ.

ಓವನ್ ರೆಸಿಪಿಯ ಹೊತ್ತಿನಲ್ಲಿ ಮೊದಲೇ ಕಾಯಿಸುವ ನಿಮಿಷಗಳು ಸೇರಿರುವುದಿಲ್ಲ. ಆದ್ದರಿಂದ ಏರ್ ಫ್ರೈಯರನ್ನೂ ಖಾಲಿಯಾಗಿ ಮೂರರಿಂದ ಐದು ನಿಮಿಷ ಕಾಯಿಸಿ ಆಮೇಲೆ ಹೊತ್ತು ಎಣಿಸಿ. ಈ ಖಾಲಿ ಓಟದಲ್ಲಿ ಬುಟ್ಟಿಯೊಳಗೆ ಬೇಕಿಂಗ್ ಪೇಪರ್ ಇರಲೇಬಾರದು. ಮೇಲೆ ಭಾರವಿಲ್ಲದ ಪೇಪರ್ ಗಾಳಿಗೆ ಹಾರಿ ಕಾಯಿಲಿಗೆ ತಗುಲಿ ಹೊತ್ತಿಕೊಳ್ಳುತ್ತದೆ.

ಒಂದು ಕೆಜಿ ಆಲೂಗಡ್ಡೆ, ಮೊದಲಿನಿಂದ ಕೊನೆಯವರೆಗೆ

ಗೆಡ್ಡೆ ಹೊಸದೋ ಹಳೆಯದೋ ಎಂದು ಮೊದಲು ನೋಡಿ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿದು ಬಂದರೆ ಅದು ಆಗಷ್ಟೇ ಹೊಲದಿಂದ ಬಂದದ್ದು, ನೀರಿನಂಶ ಹೆಚ್ಚು. ಅಂಥದ್ದಕ್ಕೆ ಮೂರು ನಾಲ್ಕು ನಿಮಿಷ ಹೆಚ್ಚು ಬೇಕಾಗುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಇದ್ದ ಗೆಡ್ಡೆಯದು ಬೇರೆಯೇ ಸಮಸ್ಯೆ. ತಂಪಿನಲ್ಲಿ ಅದರ ಪಿಷ್ಟದ ಒಂದು ಪಾಲು ಸಕ್ಕರೆಯಾಗಿರುತ್ತದೆ, ಹಾಗಾಗಿ ಬೇಯುವ ಮೊದಲೇ ಕಂದಾಗುತ್ತದೆ. ಅದಕ್ಕೆ 200ರ ಬದಲು 180 ಇಡಿ. ಮನೆಯಲ್ಲಿಯೂ ಹಸಿ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಅಲ್ಲೂ ಇದೇ ಆಗುತ್ತದೆ.

ಸಿಪ್ಪೆ ಸಮೇತ ತೊಳೆದು ಒಂದೊಂದು ಗೆಡ್ಡೆಯನ್ನು ಉದ್ದಕ್ಕೆ ಆರು ಅಥವಾ ಎಂಟು ಹೋಳು ಮಾಡಿ. ದಪ್ಪ ಎಲ್ಲದಕ್ಕೂ ಸುಮಾರು ಎರಡು ಸೆಂ.ಮೀ. ಒಂದೇ ಸಮ ಇರಬೇಕು. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೇಲಿನ ಪಿಷ್ಟ ಬಿಟ್ಟು ನೀರು ಬೆಳ್ಳಗಾಗುತ್ತದೆ. ಅದನ್ನು ಚೆಲ್ಲಿ, ಹೋಳುಗಳನ್ನು ಹತ್ತಿಯ ಪಂಚೆ ತುಂಡಿನಲ್ಲಿ ಸುತ್ತಿ ಚೆನ್ನಾಗಿ ಒರೆಸಿ. ಮುಟ್ಟಿದರೆ ಬೆರಳು ಒದ್ದೆಯಾಗಬಾರದು. ಬಹಳ ಜನ ಬೇಸರಪಟ್ಟು ಬಿಡುವ ಹೆಜ್ಜೆ ಇದೇ. ಇಲ್ಲಿ ಉಳಿಸಿದ ಎರಡು ನಿಮಿಷಕ್ಕೆ ಬುಟ್ಟಿಯಲ್ಲಿ ಆರು ನಿಮಿಷ ತೆರಬೇಕಾಗುತ್ತದೆ.

ಎಣ್ಣೆಯನ್ನೂ ಹೊಂದಿಸಬೇಕು. ಒಂದು ಕೆಜಿಗೆ ಮೂರು ದೊಡ್ಡ ಚಮಚ, ಅಂದರೆ 45 ಮಿ.ಲೀ. 400 ಗ್ರಾಂಗೆ ಅದು 18 ಮಿ.ಲೀ. ಆಗುತ್ತದೆ. ಓವನ್ನಿನಲ್ಲಿ ಎಣ್ಣೆ ತಟ್ಟೆಯ ಮೇಲೇ ನಿಂತು ಹೋಳಿನ ತಳವನ್ನು ಹುರಿಯುತ್ತದೆ. ಇಲ್ಲಿ ತಳದಲ್ಲಿ ತೂತು, ಹೆಚ್ಚಾದದ್ದು ಕೆಳಗೆ ಸೋರಿ ಹೊಗೆಯಾಡುತ್ತದೆ. ಆದ್ದರಿಂದ ಅರ್ಧ ಸಾಕು: 400 ಗ್ರಾಂಗೆ ಎರಡು ಟೀ ಚಮಚ. ಅಗಲವಾದ ಪಾತ್ರೆಯಲ್ಲಿ ಹಾಕಿ ಕೈಯಿಂದ ಕಲಸಿ, ಎಲ್ಲ ಹೋಳಿಗೂ ತೆಳುವಾಗಿ ಹತ್ತಬೇಕು. ತುಮಕೂರು ಕಡೆ ಗಾಣದ ಕಡಲೆಕಾಯಿ ಎಣ್ಣೆ ಬಳಸುವ ಮನೆಗಳು ಬಹಳ. ರುಚಿಗೆ ಅದೇ ಮೇಲು, ಆದರೆ ಗಾಣದ ಎಣ್ಣೆ ಬೇಗ ಹೊಗೆಯಾಡುತ್ತದೆ. 200 ಡಿಗ್ರಿಯ ಕೆಲಸಕ್ಕೆ ರಿಫೈನ್ಡ್ ಎಣ್ಣೆ ಅಥವಾ ತುಪ್ಪ ಇರಲಿ, ಗಾಣದ ಎಣ್ಣೆಯನ್ನು ಇಳಿಸಿದ ಮೇಲೆ ಅರ್ಧ ಚಮಚ ಚಿಮುಕಿಸಿ.

ಖಾರದ ಪುಡಿ, ಬೆಳ್ಳುಳ್ಳಿ, ಧನಿಯಾ ಪುಡಿಯನ್ನು ಓವನ್ ರೆಸಿಪಿಯಂತೆ ಮೊದಲೇ ಹಾಕಬೇಡಿ. ಗಾಳಿಯ ಬಿಸಿಗೆ ಹತ್ತೇ ನಿಮಿಷದಲ್ಲಿ ಸುಟ್ಟು ಕಹಿಯಾಗುತ್ತವೆ. ಕೊನೆಯ ಮೂರು ನಿಮಿಷ ಇರುವಾಗ ಉದುರಿಸಿ ಕಲಸಿ. ಉಪ್ಪು ನೀರೆಳೆಯುವುದರಿಂದ ಅದೂ ಆಗಲೇ.

ಈಗ ತುಂಬುವುದು. ಬುಟ್ಟಿಯ ತಳದ ಜಾಲರಿ ತಟ್ಟೆ ಗಟ್ಟಿಯಾಗಿ ಕೂತಿದೆಯೇ ನೋಡಿ. ಅದರ ಕೆಳಗೆ ಗಾಳಿ ಓಡಾಡಲು ಜಾಗ ಇರಬೇಕು, ತೊಳೆಯಲು ಸುಲಭ ಎಂದು ಅದನ್ನು ತೆಗೆದಿಟ್ಟರೆ ಹೋಳುಗಳ ಹೊಟ್ಟೆ ಭಾಗ ಎಣ್ಣೆಯಲ್ಲೇ ಕೂತು ಬಿಳುಚಿಕೊಳ್ಳುತ್ತದೆ. 200 ಡಿಗ್ರಿಗೆ ಇಟ್ಟು ನಾಲ್ಕು ನಿಮಿಷ ಕಾಯಿಸಿ. ಹೋಳುಗಳನ್ನು ಸಿಪ್ಪೆ ಕೆಳಗೆ ಬರುವಂತೆ ಒಂದೇ ಪದರದಲ್ಲಿ ಜೋಡಿಸಿ. ಒಂದಕ್ಕೊಂದು ನಡುವೆ ಕಿರುಬೆರಳಿನ ಅಗಲ ಇರಲಿ, ಗೋಡೆಗೂ ತಾಗಿಸಬೇಡಿ. ತಳದ ತೂತುಗಳಲ್ಲಿ ಮೂರನೇ ಒಂದು ಭಾಗವಾದರೂ ಕಣ್ಣಿಗೆ ಕಾಣುತ್ತಿದ್ದರೆ ಸರಿಯಾಗಿ ತುಂಬಿದ್ದೀರಿ. ಒಂದು ತೂತೂ ಕಾಣದಿದ್ದರೆ ಹೆಚ್ಚಾಗಿದೆ, ಒಂದು ಹಿಡಿ ತೆಗೆಯಿರಿ.

ಮೊದಲ ಎಂಟು ನಿಮಿಷ ಮುಟ್ಟಬೇಡಿ. ಆಗ ಹೋಳಿನ ಮೈ ಹಸಿಯಾಗಿ ಜಾಲರಿಗೆ ಅಂಟಿರುತ್ತದೆ, ಅಲ್ಲಾಡಿಸಿದರೆ ಒಡೆಯುತ್ತದೆ. ಎಂಟನೆಯ ನಿಮಿಷಕ್ಕೆ ಇಕ್ಕುಳದಿಂದ ಒಂದನ್ನು ಎತ್ತಿ ನೋಡಿ, ಸುಲಭವಾಗಿ ಬಿಟ್ಟುಬಂದರೆ ಎಲ್ಲವನ್ನೂ ಮಗ್ಗುಲು ತಿರುಗಿಸಿ. 15ಕ್ಕೆ ಇನ್ನೊಂದು ಮಗ್ಗುಲು. 18ಕ್ಕೆ ಬಣ್ಣ ನೋಡಿ, ದಪ್ಪನೆಯದಕ್ಕೆ ಚಾಕುವಿನ ತುದಿ ಚುಚ್ಚಿ. ಬೆಣ್ಣೆಗೆ ಇಳಿದಂತೆ ಇಳಿದರೆ ಮಸಾಲೆ ಹಾಕುವ ಹೊತ್ತು. 21 ಅಥವಾ 22ಕ್ಕೆ ಮುಗಿಯುತ್ತದೆ. ಬಣ್ಣ ಹೊಂಬಣ್ಣಕ್ಕೆ ನಿಲ್ಲಲಿ, ಗಾಢ ಕಂದಿಗೆ ಹೋಗುವುದು ಬೇಡ. ಆಲೂಗಡ್ಡೆ ಕಂದಾದಷ್ಟೂ ಅದರಲ್ಲಿ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹೆಚ್ಚುತ್ತದೆ.

ಒಂದು ಕೆಜಿಗೆ ಈ ಬುಟ್ಟಿ ಎರಡೂವರೆ ಸಲ ತುಂಬಬೇಕು. ಎರಡನೆಯ ಸಲಕ್ಕೆ ಯಂತ್ರ ಕಾದೇ ಇರುವುದರಿಂದ ಎರಡು ಮೂರು ನಿಮಿಷ ಕಡಿಮೆ ಸಾಕು. ಮೊದಲ ಸಲದ್ದನ್ನು ಮುಚ್ಚಳ ಹಾಕದೆ ಅಗಲ ತಟ್ಟೆಯಲ್ಲಿ ಇಡಿ, ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ. ಎಲ್ಲ ಮುಗಿದ ಮೇಲೆ ಬಡಿಸುವ ಮುನ್ನ ಪೂರ್ತಿ ಒಂದು ಕೆಜಿಯನ್ನೂ ಒಟ್ಟಿಗೆ ಬುಟ್ಟಿಗೆ ಸುರಿದು 200ರಲ್ಲಿ ಮೂರು ನಿಮಿಷ ಬಿಸಿ ಮಾಡಬಹುದು. ಈಗ ರಾಶಿ ಹಾಕಿದರೂ ತೊಂದರೆಯಿಲ್ಲ, ಆವಿಯಾಗಬೇಕಾದ ನೀರು ಆಗಲೇ ಹೋಗಿದೆ. ಒಮ್ಮೆ ಕುಲುಕಿದರೆ ಸಾಕು.

ಸಂಜೆ ಹೊತ್ತು ಲೆಕ್ಕ ತಪ್ಪಿದರೆ

ಬೆಳಿಗ್ಗೆ 22 ನಿಮಿಷಕ್ಕೆ ಆದದ್ದು ರಾತ್ರಿ 30 ಆದರೂ ಬಿಳಿಚಾಗಿಯೇ ಇದ್ದರೆ ರೆಸಿಪಿಯನ್ನು ಅನುಮಾನಿಸಬೇಡಿ, ಸೀಲಿಂಗ್ ಫ್ಯಾನ್ ನೋಡಿ. ಅದು ನಿಧಾನಕ್ಕೆ ತಿರುಗುತ್ತಿದ್ದರೆ ವೋಲ್ಟೇಜ್ ಕುಸಿದಿದೆ. ಹಳ್ಳಿಯ ಮನೆಗಳಲ್ಲಿ, ಲೈನಿನ ಕೊನೆಯಲ್ಲಿ, ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಇದನ್ನು ಗಮನಿಸಬೇಕು. ಕಾಯಿಲಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ಕ್ಕೆ 1500 ವಾಟ್ ಕೊಡುವ ಯಂತ್ರ 190 ವೋಲ್ಟಿಗೆ ಸುಮಾರು 1000 ವಾಟ್ ಮಾತ್ರ ಕೊಡುತ್ತದೆ. ಮೂರರಲ್ಲಿ ಒಂದು ಪಾಲು ಹೋಯಿತು.

ಆಗ ಡಿಗ್ರಿ ಏರಿಸಿ ಫಲವಿಲ್ಲ. ಡಿಗ್ರಿ ಎಂದರೆ ಎಲ್ಲಿಗೆ ಮುಟ್ಟಿದಾಗ ನಿಲ್ಲಬೇಕು ಎಂದು ಯಂತ್ರಕ್ಕೆ ಹೇಳುವುದು ಅಷ್ಟೇ, ಅಲ್ಲಿಗೆ ಮುಟ್ಟುವ ಬಲವೇ ಅದಕ್ಕೆ ಇರುವುದಿಲ್ಲ. ಪದಾರ್ಥ ಕಡಿಮೆ ಮಾಡಿ. 400 ಗ್ರಾಂ ಬದಲು 250 ಹಾಕಿ, ಖಾಲಿಯಾಗಿ ಕಾಯಿಸುವುದನ್ನು ಆರೇಳು ನಿಮಿಷಕ್ಕೆ ಏರಿಸಿ. ಇನ್ನೊಂದು ಮಾತು: 1500 ವಾಟಿನ ಯಂತ್ರ ಆರೂವರೆ ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ ಚಿಕ್ಕ ಸಾಕೆಟ್ಟಿನ ಮಿತಿ ಆರು. ಗ್ರೈಂಡರ್, ಗೀಸರ್‌ಗೆ ಇರುವ 16 ಆಂಪಿಯರ್ ಸಾಕೆಟ್ಟಿಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ.

ಕಡಲೆಕಾಯಿ: ಹಗುರವಾದದ್ದರ ಪಾಠ

ಪಾವಗಡದ ಕಡೆಯಿಂದ ಬಂದ ಕಡಲೆಕಾಯಿ ಬೀಜವನ್ನು ಕಾಂಗ್ರೆಸ್ ಕಡಲೆಕಾಯಿ ಮಾಡುವುದಕ್ಕೆ ಹುರಿಯುವುದಾದರೆ, ಓವನ್ ರೆಸಿಪಿ 350 ಫ್ಯಾರನ್‌ಹೀಟ್, 15ರಿಂದ 20 ನಿಮಿಷ ಎನ್ನುತ್ತದೆ. ಕೈಲೆಕ್ಕದಂತೆ 160 ಡಿಗ್ರಿ. ಚೌಕದ ಬುಟ್ಟಿಯಲ್ಲಿ ಒಂದೇ ಪದರಕ್ಕೆ ಹಿಡಿಸುವುದು 200ರಿಂದ 250 ಗ್ರಾಂ. ಇಲ್ಲಿ ಆಲೂಗಡ್ಡೆಯ ನಿಯಮ ತಿರುಗುಮುರುಗು. ನೀರಿಲ್ಲ, ಅಂಟುವುದಿಲ್ಲ, ಆದರೆ ಸೀಯುವುದು ಬೇಗ. ಮೂರು ನಿಮಿಷಕ್ಕೊಮ್ಮೆ ಕುಲುಕಿ. ಏಳನೆಯ ನಿಮಿಷದಿಂದ ಒಂದೊಂದು ಬೀಜ ತೆಗೆದು ಸೀಳಿ ಒಳಗಿನ ಬಣ್ಣ ನೋಡಿ, ಸಿಪ್ಪೆಯ ಬಣ್ಣ ಮೋಸ ಮಾಡುತ್ತದೆ. ತಿಳಿ ಕೆನೆಬಣ್ಣ ಬಂದಾಗಲೇ ತೆಗೆದು ತಟ್ಟೆಗೆ ಹರಡಿ. ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ನಿಮಿಷ. ಒಳಗಿನ ಕಾವಿಗೆ ತಟ್ಟೆಯ ಮೇಲೂ ಇನ್ನೊಂದು ಸುತ್ತು ಹುರಿಯುತ್ತದೆ, ಬಿಸಿಯಲ್ಲಿ ಮೆತ್ತಗಿದ್ದದ್ದು ಆರಿದ ಮೇಲೆ ಕರುಕುರು ಆಗುತ್ತದೆ.

ಸಿಪ್ಪೆ ಉಜ್ಜಿ ಬೇಳೆ ಮಾಡುವುದು ಹೊರಗೆ, ತುಪ್ಪ, ಇಂಗು, ಅರಿಶಿನ, ಖಾರ, ಕರಿಬೇವಿನ ಒಗ್ಗರಣೆ ಒಲೆಯ ಮೇಲೆ. ಕರಿಬೇವನ್ನು ಬುಟ್ಟಿಗೆ ಹಾಕಿದರೆ ಹಾರಿ ಕಾಯಿಲಿಗೆ ಸಿಕ್ಕಿಕೊಂಡು ಸುಟ್ಟ ವಾಸನೆ ವಾರಗಟ್ಟಲೆ ಬರುತ್ತದೆ. ಹಪ್ಪಳಕ್ಕೂ ಅದೇ ಗತಿ, ಮೇಲೊಂದು ಸ್ಟೀಲ್ ಜಾಲರಿ ಒತ್ತಿಟ್ಟು ಸುಡಬೇಕು. ಸಡಿಲ ಹಿಟ್ಟಿನಲ್ಲಿ ಅದ್ದಿದ ಬಜ್ಜಿ, ಬೋಂಡಾ ಯಾವ ಡಿಗ್ರಿಗೂ ಆಗುವುದಿಲ್ಲ. ಹಿಟ್ಟು ಗಟ್ಟಿಯಾಗುವ ಮೊದಲೇ ತೂತಿನಿಂದ ಸೋರುತ್ತದೆ, ಅದಕ್ಕೆ ಬಾಣಲೆಯೇ ಬೇಕು.

ಕೋಳಿ ತೊಡೆ ಮತ್ತು ಕೇಕ್

ಕೋಳಿ ಕಾಲು ತೊಡೆಗೆ ಓವನ್ 200 ಡಿಗ್ರಿ, 40 ನಿಮಿಷ ಎಂದಿದ್ದರೆ 180 ಡಿಗ್ರಿಯಲ್ಲಿ ಇಟ್ಟು 24ನೆಯ ನಿಮಿಷದಿಂದ ನೋಡಲು ಶುರುಮಾಡಿ. ಚರ್ಮ ಕೆಳಗೆ ಮಾಡಿ ಆರಂಭಿಸಿ, ಅರ್ಧಕ್ಕೆ ಮಗುಚಿ, ಕೊನೆಗೆ ಚರ್ಮ ಮೇಲಿರಲಿ. ಬಣ್ಣ ನೋಡಿ ಬೆಂದಿದೆ ಎನ್ನಬೇಡಿ, ಇಲ್ಲಿ ಬಣ್ಣ ಬೇಗ ಬರುತ್ತದೆ. ಅಡುಗೆ ಥರ್ಮಾಮೀಟರನ್ನು ಮೂಳೆಗೆ ತಾಗದಂತೆ ದಪ್ಪ ಮಾಂಸಕ್ಕೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ಕೊಬ್ಬು ಸೋರಿ ಹೊಗೆ ಬಂದರೆ ಜಾಲರಿಯ ಕೆಳಗೆ ಎರಡು ದೊಡ್ಡ ಚಮಚ ನೀರು ಹಾಕಿ.

ಕೇಕಿಗೆ ಬಿಸಿಯ ಲೆಕ್ಕ ಅದೇ, 180 ಇದ್ದದ್ದು 160. ಆದರೆ ಹೊತ್ತಿನ ಲೆಕ್ಕ ಹೊಂದುವುದಿಲ್ಲ. ಟಿನ್ನಿನೊಳಗಿನ ಹಿಟ್ಟಿಗೆ ಗಾಳಿ ತಾಗುವುದೇ ಇಲ್ಲ, ಬಿಸಿ ಅಂಚಿನಿಂದ ನಡುವಿಗೆ ತನ್ನ ಪಾಡಿಗೆ ಹೋಗಬೇಕು. ಆದ್ದರಿಂದ 35 ನಿಮಿಷದ ಕೇಕಿಗೆ ಇಲ್ಲಿಯೂ 30ರಿಂದ 35 ಬೇಕು. ಟಿನ್ನು ಬುಟ್ಟಿಯ ಗೋಡೆಯಿಂದ ಸುತ್ತಲೂ ಎರಡು ಸೆಂ.ಮೀ. ಒಳಗಿರಲಿ, ಹಿಟ್ಟು ಅರ್ಧದವರೆಗೆ ಮಾತ್ರ. ಹದಿನೈದನೆಯ ನಿಮಿಷಕ್ಕೇ ಮೇಲ್ಭಾಗ ಕೆಂಪಾಗಿಬಿಟ್ಟರೆ ಅಲ್ಯೂಮಿನಿಯಂ ಫಾಯಿಲನ್ನು ಟಿನ್ನಿನ ಕಂಠಕ್ಕೆ ಬಿಗಿಯಾಗಿ ಮಡಚಿ ಮುಚ್ಚಿ. ಸಡಿಲ ಬಿಟ್ಟರೆ ಅದೂ ಮೇಲಕ್ಕೆ ಹಾರುತ್ತದೆ. ನಡುವಿಗೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದೆ ಬಂದ ಮೇಲೆ ಯಂತ್ರ ಆರಿಸಿ, ಟಿನ್ನನ್ನು ಇನ್ನೈದು ನಿಮಿಷ ಒಳಗೇ ಬಿಟ್ಟು ಆಮೇಲೆ ತೆಗೆಯಿರಿ.